ನೋಟಿಸಿನಿಂದ ತಿಂಗಳ ಪಟ್ಟಿಗೆ: ಕಾರ್ಮಿಕ ಕಾನೂನಿನ ಗಡುವುಗಳನ್ನು ಲೆಕ್ಕಹಾಕುವ ಕ್ರಮ

ಕೃಷ್ಣರಾಜನಗರದ ಅಕ್ಕಿ ಗಿರಣಿಗೂ ಪಿರಿಯಾಪಟ್ಟಣದ ತಂಬಾಕು ವಿಂಗಡಣೆಯ ಷೆಡ್ಡಿಗೂ ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ದಡದಲ್ಲಿರುವ ಅತಿಥಿಗೃಹಕ್ಕೂ ಕೆಲಸದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಮೂರರಲ್ಲಿಯೂ ಸಂಬಳದ ಪಟ್ಟಿ ಎಂಬುದೊಂದು ಇರುವುದರಿಂದ, ಆ ಪಟ್ಟಿಯ ಬೆನ್ನಿಗೆ ಭವಿಷ್ಯ ನಿಧಿ, ನೌಕರರ ರಾಜ್ಯ ವಿಮೆ, ವೃತ್ತಿ ತೆರಿಗೆ, ಬೋನಸ್ಸು ಇವುಗಳ ಗಡುವುಗಳು ಒಂದೇ ಬಗೆಯಲ್ಲಿ ಬಂದು ನಿಲ್ಲುತ್ತವೆ. ಈ ಗಡುವುಗಳನ್ನು ತಿಳಿಸುವ ಕಾಗದಗಳು ಮಾಲೀಕನಿಗೆ ನಾನಾ ರೂಪದಲ್ಲಿ ತಲುಪುತ್ತವೆ: ರಾಜ್ಯಪತ್ರದ ಅಧಿಸೂಚನೆ, ಇಲಾಖೆಯ ಸುತ್ತೋಲೆ, ಲೇಬರ್ ಇನ್ಸ್‌ಪೆಕ್ಟರ್ ಕೊಟ್ಟುಹೋದ ತಪಾಸಣಾ ಟಿಪ್ಪಣಿ, ಪಿಎಫ್ ಕಚೇರಿಯ ಪತ್ರ, ಮೊಬೈಲಿಗೆ ಬಂದ ಒಂದು ಸಾಲಿನ ಸಂದೇಶ. ಇವುಗಳಲ್ಲಿ ದಿನಾಂಕಗಳಿಗೆ ಕೊರತೆಯಿಲ್ಲ. ಆದರೆ ಮಾಲೀಕನು ಪಾಲಿಸಬೇಕಾದ ದಿನಾಂಕವು ಬಹುಪಾಲು ಕಾಗದಗಳಲ್ಲಿ ಅಚ್ಚಾಗಿರುವುದೇ ಇಲ್ಲ. ಅಲ್ಲಿರುವುದು ಅದನ್ನು ಲೆಕ್ಕಹಾಕಿ ತೆಗೆಯಲು ಬೇಕಾದ ಸಾಮಗ್ರಿ ಮಾತ್ರ, ಮತ್ತು ಆ ಲೆಕ್ಕವನ್ನು ತಪ್ಪಿಲ್ಲದೆ ಹಾಕುವ ಕ್ರಮವೇ ಈ ಲೇಖನದ ವಿಷಯ.

ಕಾಗದದಲ್ಲಿ ಹುಡುಕಬೇಕಾದ ನಾಲ್ಕು ಸಂಗತಿಗಳು

ಯಾವುದೇ ನೋಟಿಸಿನಿಂದ ಗಡುವನ್ನು ಹೊರತೆಗೆಯುವವರು ಮೊದಲು ದಿನಾಂಕಗಳತ್ತ ನೋಡದೆ ಕ್ರಿಯಾಪದದತ್ತ ನೋಡಬೇಕು. 'ಪಾವತಿಸತಕ್ಕದ್ದು', 'ಸಲ್ಲಿಸತಕ್ಕದ್ದು', 'ಹಾಜರುಪಡಿಸತಕ್ಕದ್ದು', 'ಪ್ರದರ್ಶಿಸತಕ್ಕದ್ದು' ಎಂಬ ಪದಗಳು ಇರುವಲ್ಲಿ ಮಾತ್ರ ಮಾಲೀಕನಿಗೆ ಕೆಲಸವಿರುತ್ತದೆ. ಅವು ಇಲ್ಲದ ಸಾಲಿನಲ್ಲಿ ಎಷ್ಟೇ ದಿನಾಂಕಗಳಿದ್ದರೂ ಅವು ಹಿನ್ನೆಲೆಯ ಮಾಹಿತಿ ಅಷ್ಟೆ. ಕೆಲಸ ಯಾವುದೆಂದು ತಿಳಿದ ಮೇಲೆ ಅದು ಯಾವ ಅವಧಿಗೆ ಸಂಬಂಧಿಸಿದ್ದೆಂಬುದನ್ನೂ, ದಿನಗಳನ್ನು ಎಲ್ಲಿಂದ ಎಣಿಸಬೇಕೆಂಬುದನ್ನೂ, ಇದನ್ನು ಹೇಳಿರುವ ಕಾಯ್ದೆ ಅಥವಾ ನಿಯಮ ಯಾವುದೆಂಬುದನ್ನೂ ಬೇರೆಬೇರೆಯಾಗಿ ಗುರುತುಮಾಡಿಕೊಳ್ಳಬೇಕು. ಕೆಲಸ, ಅವಧಿ, ಎಣಿಕೆಯ ಆರಂಭ, ಮೂಲ ಎಂಬ ಈ ನಾಲ್ಕು ಸಿಕ್ಕಿದ ನಂತರವೇ ಗಡುವಿನ ದಿನಾಂಕ ಹುಟ್ಟುತ್ತದೆ; ಈ ನಾಲ್ಕರಲ್ಲಿ ಒಂದು ಸಿಗದಿದ್ದರೂ ದಿನಾಂಕವನ್ನು ಊಹಿಸಿ ಬರೆಯದೆ, ಆ ಕಾಗದವನ್ನು ಕಳಿಸಿದ ಕಚೇರಿಯನ್ನೇ ಕೇಳಿ ತಿಳಿದುಕೊಳ್ಳುವುದು ಲೇಸು.

ಅವಧಿಯ ವಿಚಾರದಲ್ಲಿ ಆಗುವ ಗೊಂದಲ ಹೆಚ್ಚು. ಭವಿಷ್ಯ ನಿಧಿಯ ವಂತಿಗೆಯನ್ನು ತಿಂಗಳು ಮುಗಿದ 15 ದಿನಗಳೊಳಗೆ ಕಟ್ಟಬೇಕೆಂದು 1952ರ ನೌಕರರ ಭವಿಷ್ಯ ನಿಧಿ ಯೋಜನೆ ಹೇಳುವುದರಿಂದ, ಜುಲೈ ತಿಂಗಳ ಸಂಬಳದ ವಂತಿಗೆಗೆ ಆಗಸ್ಟ್ 15 ಕೊನೆಯ ದಿನ. ಇಲ್ಲಿ ಜುಲೈ ಎಂಬುದು ಕೆಲಸ ನಡೆದ ತಿಂಗಳು, ಅಂದರೆ ಸಂಬಳದ ತಿಂಗಳು. ಆಗಸ್ಟ್ ಎಂಬುದು ಪಾವತಿಯ ತಿಂಗಳು. ಜುಲೈ ಸಂಬಳವನ್ನು ಆಗಸ್ಟ್ ಮೊದಲ ವಾರದಲ್ಲಿ ಕೊಡುವ ರೂಢಿಯಿರುವ ಗಿರಣಿಗಳಲ್ಲಿ ಗುಮಾಸ್ತರು ಅದನ್ನು 'ಆಗಸ್ಟ್ ಸಂಬಳ' ಎಂದು ಬರೆದುಕೊಳ್ಳುವುದುಂಟು, ಹಾಗೆ ಬರೆದಾಗ ಅದರ ವಂತಿಗೆಯು ಸೆಪ್ಟೆಂಬರ್ 15ಕ್ಕೆ ಜಾರಿ, ಪ್ರತಿ ತಿಂಗಳೂ ಒಂದು ತಿಂಗಳು ತಡವಾಗಿ ಕಟ್ಟಿದಂತಾಗುತ್ತದೆ. ಈ ತಪ್ಪಿನ ಗುರುತು ಚಲನ್‌ಗಳಲ್ಲೇ ಕಾಣುತ್ತದೆ: ಚಲನ್ನಿನ ಮೇಲಿನ ಸಂಬಳದ ತಿಂಗಳನ್ನು ಅದೇ ತಿಂಗಳ ಹಾಜರಿ ಪುಸ್ತಕದ ಪುಟದೊಂದಿಗೆ ಇಟ್ಟು ನೋಡಿದಾಗ ಹೆಸರುಗಳೂ ದಿನಗಳೂ ಹೊಂದದಿದ್ದರೆ ತಿಂಗಳು ಜಾರಿದೆ ಎಂದೇ ಅರ್ಥ. 2016ಕ್ಕೆ ಮೊದಲು 15ರ ನಂತರ ಐದು ದಿನಗಳ ರಿಯಾಯಿತಿ ಇದ್ದದ್ದನ್ನು ನೆನಪಿಟ್ಟುಕೊಂಡಿರುವ ಹಳೆಯ ಲೆಕ್ಕಿಗರು 20ನೇ ತಾರೀಖನ್ನೇ ಹೇಳುವುದುಂಟು. ಆ ರಿಯಾಯಿತಿಯನ್ನು ಆಗಲೇ ತೆಗೆದುಹಾಕಲಾಗಿದೆ.

ನೌಕರರ ರಾಜ್ಯ ವಿಮೆ, ಎಂದರೆ ಇಎಸ್‌ಐ ವಂತಿಗೆಗೂ ಮುಂದಿನ ತಿಂಗಳ 15ನೇ ತಾರೀಖೇ ಕೊನೆ. ಆದರೆ ಇದರಲ್ಲಿ ತಿಂಗಳ ಅವಧಿಯ ಜೊತೆಗೆ ಇನ್ನೊಂದು ಅವಧಿ ಹುದುಗಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು ಎಂದು ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದ್ದು, ಅವಧಿಯ ನಡುವೆ ಯಾವ ನೌಕರನ ಸಂಬಳವಾದರೂ ₹21,000ದ ಮಿತಿಯನ್ನು ದಾಟಿದರೂ ಆ ಅವಧಿ ಮುಗಿಯುವವರೆಗೆ ಅವನ ವಂತಿಗೆಯನ್ನು ಕಟ್ಟುತ್ತಲೇ ಇರಬೇಕು. ಜೂನ್‌ನಲ್ಲಿ ಸಂಬಳ ಏರಿದ ಬಾಯ್ಲರ್ ಆಪರೇಟರನ ಹೆಸರನ್ನು ಅದೇ ತಿಂಗಳು ಪಟ್ಟಿಯಿಂದ ತೆಗೆದುಬಿಟ್ಟರೆ ಸೆಪ್ಟೆಂಬರ್‌ವರೆಗಿನ ವಂತಿಗೆ ಬಾಕಿಯಾಗಿ, ಅದು ವರ್ಷಗಳ ನಂತರ ನೋಟಿಸಾಗಿ ಬರುತ್ತದೆ. ಆದಕಾರಣ ಏಪ್ರಿಲ್ 1 ಮತ್ತು ಅಕ್ಟೋಬರ್ 1 ಯಾವ ಪಾವತಿಯ ದಿನಗಳೂ ಅಲ್ಲದಿದ್ದರೂ, ಮಿತಿ ದಾಟಿದವರ ಹೆಸರನ್ನು ಪರಿಶೀಲಿಸುವ ದಿನಗಳೆಂದು ಅವನ್ನು ಪಟ್ಟಿಯಲ್ಲಿ ಬರೆದಿಡಬೇಕು.

ವೃತ್ತಿ ತೆರಿಗೆ ಕಾರ್ಮಿಕ ಇಲಾಖೆಯದಲ್ಲ, ವಾಣಿಜ್ಯ ತೆರಿಗೆ ಇಲಾಖೆಯದು. ಆದರೂ ಅದು ಸಂಬಳದಲ್ಲಿಯೇ ಕಡಿತವಾಗುವುದರಿಂದ ಬೇರೆ ಪಟ್ಟಿಯಲ್ಲಿಟ್ಟರೆ ಮರೆತುಹೋಗುತ್ತದೆ. ತಿಂಗಳಿಗೆ ₹25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಂದ ₹200, ಫೆಬ್ರವರಿಯಲ್ಲಿ ಮಾತ್ರ ₹300 ಹಿಡಿದು, ಮುಂದಿನ ತಿಂಗಳ 20ರೊಳಗೆ ನಮೂನೆ 5-ಎ ಸಹಿತ ಸಲ್ಲಿಸಬೇಕು. ಮಾಲೀಕನು ತನ್ನ ಸ್ವಂತ ವೃತ್ತಿಗಾಗಿ ಕಟ್ಟುವ ವಾರ್ಷಿಕ ₹2,500 ಬೇರೆ, ಅದಕ್ಕೆ ಏಪ್ರಿಲ್ 30 ಕೊನೆ. ಒಂದನ್ನು ಕಟ್ಟಿದ ರಸೀದಿಯನ್ನು ನೋಡಿ ಇನ್ನೊಂದೂ ಮುಗಿಯಿತೆಂದು ಭಾವಿಸುವುದು ಸಣ್ಣ ಸಂಸ್ಥೆಗಳಲ್ಲಿ ನಡೆಯುತ್ತಲೇ ಇರುತ್ತದೆ.

ಎಣಿಕೆ ಎಲ್ಲಿಂದ ಆರಂಭ

ನೋಟಿಸುಗಳಲ್ಲಿ ಗಡುವು ಎರಡು ಬಗೆಯಲ್ಲಿ ಬರುತ್ತದೆ. 'ಮುಂದಿನ ತಿಂಗಳ 15ರೊಳಗೆ' ಎಂಬುದು ಎಲ್ಲರಿಗೂ ಒಂದೇ ಆದ ನಿಶ್ಚಿತ ಗಡುವು. 'ಈ ಸೂಚನಾ ಪತ್ರ ತಲುಪಿದ 15 ದಿನಗಳ ಒಳಗಾಗಿ' ಎಂಬುದು ಆಯಾ ಕಾಗದಕ್ಕೆ ಅಂಟಿಕೊಂಡ ಗಡುವು. ಎರಡನೆಯ ಬಗೆಯಲ್ಲಿ ಎಲ್ಲವೂ ನಿಂತಿರುವುದು ಎಣಿಕೆಯ ಆರಂಭದ ಮೇಲೆ, ಮತ್ತು ಆ ಆರಂಭವು ಪತ್ರದ ದಿನಾಂಕವಾಗಿರಬಹುದು, ಪತ್ರ ಹೊರಡಿಸಿದ ದಿನವಾಗಿರಬಹುದು, ಕೈಗೆ ತಲುಪಿದ ದಿನವಾಗಿರಬಹುದು ಅಥವಾ ರಾಜ್ಯಪತ್ರದಲ್ಲಿ ಪ್ರಕಟವಾದ ದಿನವಾಗಿರಬಹುದು.

ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕೃಷ್ಣರಾಜನಗರದಲ್ಲಿ 24 ಜನ ಕೆಲಸ ಮಾಡುವ ಒಂದು ಅಕ್ಕಿ ಗಿರಣಿಗೆ, ಹಿಂದಿನ ಕೆಲವು ತಿಂಗಳ ವಂತಿಗೆಯ ವ್ಯತ್ಯಾಸದ ಬಗ್ಗೆ ವಿವರಣೆ ಕೇಳಿ ಪಿಎಫ್ ಕಚೇರಿಯಿಂದ ಪತ್ರವೊಂದು ಬರುತ್ತದೆ ಎಂದಿಟ್ಟುಕೊಳ್ಳಬಹುದು. ಪತ್ರದ ಮೇಲಿನ ದಿನಾಂಕ 2026ರ ಆಗಸ್ಟ್ 3. ಅದು ಸ್ಪೀಡ್ ಪೋಸ್ಟ್‌ನಲ್ಲಿ ಗಿರಣಿಗೆ ತಲುಪಿದ್ದು ಆಗಸ್ಟ್ 10. 'ತಲುಪಿದ 15 ದಿನಗಳೊಳಗೆ' ಉತ್ತರ ಕೊಡಬೇಕೆಂದು ಅದರಲ್ಲಿದೆ. ಒಂದು ದಿನದಿಂದ ಮುಂದಕ್ಕೆ ಎಣಿಸಬೇಕಾದಾಗ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕೆಂಬುದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ, ಅಂದರೆ ಎಲ್ಲ ಕೇಂದ್ರ ಕಾಯ್ದೆಗಳನ್ನು ಓದುವ ರೀತಿಯನ್ನು ಹೇಳುವ ಕಾಯ್ದೆಯ 9ನೇ ಪ್ರಕರಣದ ನಿಯಮ. ಅದರಂತೆ ಆಗಸ್ಟ್ 10 ಲೆಕ್ಕಕ್ಕಿಲ್ಲ, 11 ಮೊದಲ ದಿನ, 25 ಹದಿನೈದನೆಯ ದಿನ. ಪತ್ರದ ದಿನಾಂಕದಿಂದ ಎಣಿಸಿದ್ದರೆ ಆಗಸ್ಟ್ 18 ಬರುತ್ತಿತ್ತು. ಅಂದರೆ ಉತ್ತರ ಸಿದ್ಧಪಡಿಸಲು ಸಿಗಬಹುದಾದ ಒಂದು ವಾರ ಕೈತಪ್ಪುತ್ತಿತ್ತು.

ಇದೇ ತರ್ಕವನ್ನು ಎಲ್ಲ ಕಾಗದಗಳಿಗೂ ಹಚ್ಚಿದರೆ ಎದುರುಬದಿಯ ಅಪಾಯವಿದೆ. ಆಗಸ್ಟ್ 3ರ ಆ ಕಾಗದವು ವಿವರಣೆ ಕೇಳುವ ಪತ್ರವಾಗಿರದೆ, 1952ರ ಕಾಯ್ದೆಯಡಿ ಬಾಕಿಯನ್ನು ನಿರ್ಧರಿಸಿದ ಆದೇಶವಾಗಿದ್ದರೆ ಅದರ ವಿರುದ್ಧ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಲು 1997ರ ಕಾರ್ಯವಿಧಾನ ನಿಯಮಗಳು ಕೊಡುವ ಕಾಲ 60 ದಿನ, ಮತ್ತು ಅದನ್ನು ಎಣಿಸಬೇಕಾದದ್ದು ಆದೇಶ ಹೊರಡಿಸಿದ ದಿನದಿಂದ. ಆಗಸ್ಟ್ 3ನ್ನು ಬಿಟ್ಟು ಎಣಿಸಿದರೆ ಆಗಸ್ಟ್ ತಿಂಗಳಲ್ಲಿ 28 ದಿನ, ಸೆಪ್ಟೆಂಬರ್‌ನಲ್ಲಿ 30 ದಿನ ಕಳೆದು, ಅರವತ್ತನೆಯ ದಿನ ಅಕ್ಟೋಬರ್ 2ಕ್ಕೆ ಬೀಳುತ್ತದೆ. ಕೈಗೆ ತಲುಪಿದ ದಿನದಿಂದ ಎಣಿಸಿದವರು ಅಕ್ಟೋಬರ್ 9 ಎಂದು ಬರೆದುಕೊಂಡು, ಗಡುವು ಮುಗಿದ ಒಂದು ವಾರದ ನಂತರ ವಕೀಲರ ಬಳಿ ಹೋಗುತ್ತಾರೆ. ತಡಕ್ಕೆ ಸಕಾರಣ ತೋರಿಸಿದರೆ ನ್ಯಾಯಾಧಿಕರಣವು ಇನ್ನೂ 60 ದಿನಗಳವರೆಗೆ ಕಾಲಾವಕಾಶ ಕೊಡಬಹುದಾದರೂ, ಎಣಿಕೆ ತಪ್ಪಿತೆಂಬುದು ಬಲವಾದ ಕಾರಣವೆನಿಸುವುದಿಲ್ಲ.

ಅಕ್ಟೋಬರ್ 2 ಗಾಂಧಿ ಜಯಂತಿಯ ರಜೆ. ಕಚೇರಿ ಮುಚ್ಚಿರುವ ದಿನ ಗಡುವು ಮುಗಿದರೆ, ಕಚೇರಿ ತೆರೆದ ಮುಂದಿನ ದಿನ ಮಾಡಿದ ಕೆಲಸವೂ ಸಕಾಲದ್ದೇ ಎಂದು ಅದೇ ಕಾಯ್ದೆಯ 10ನೇ ಪ್ರಕರಣ ಹೇಳುತ್ತದೆ. ಇದು ಮೇಲ್ಮನವಿ, ಉತ್ತರ, ಹಾಜರಾತಿಗಳಂತಹ ಕಚೇರಿಯಲ್ಲಿ ನಡೆಯುವ ಕೆಲಸಗಳಿಗೆ ಆಸರೆ; ದಿನದ 24 ಗಂಟೆಯೂ ತೆರೆದಿರುವ ಅಂತರ್ಜಾಲ ಪೋರ್ಟಲ್‌ನಲ್ಲಿ ಕಟ್ಟುವ ಮಾಸಿಕ ವಂತಿಗೆಗೆ ಈ ಆಸರೆಯನ್ನು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ, ಏಕೆಂದರೆ ಅಲ್ಲಿ ವಿಳಂಬವನ್ನು ಲೆಕ್ಕಹಾಕುವುದು ಹಣ ಜಮೆಯಾದ ದಿನವನ್ನು ನೋಡಿಯೇ ಹೊರತು ಊರಿನ ರಜೆಯನ್ನು ನೋಡಿ ಅಲ್ಲ.

ಈ ಎಲ್ಲ ಎಣಿಕೆಯೂ ಒಂದು ಚಿಕ್ಕ ರೂಢಿಯನ್ನು ಅವಲಂಬಿಸಿದೆ: ಕಾಗದ ಬಂದ ದಿನವೇ ಅದರ ಮೇಲುಗಡೆ ಸ್ವೀಕರಿಸಿದ ದಿನಾಂಕ ಬರೆದು ಸಹಿಮಾಡಿ, ಅಂಚೆಯ ಮುದ್ರೆ ಬಿದ್ದ ಲಕೋಟೆಯನ್ನು ಕಾಗದಕ್ಕೇ ಪಿನ್ ಮಾಡಿ ಇಡುವುದು. ಗಿರಣಿಯ ಕಾವಲುಗಾರನೋ ತೂಕದ ಮೇಜಿನ ಹುಡುಗನೋ ಲಕೋಟೆ ಪಡೆದು ನಾಲ್ಕು ದಿನಗಳ ನಂತರ ಒಳಗೆ ತಂದುಕೊಟ್ಟರೆ, ಕಾನೂನಿನ ಕಣ್ಣಿಗೆ ಅದು ತಲುಪಿದ್ದು ಮೊದಲ ದಿನವೇ. ಮಿಂಚಂಚೆ ಮತ್ತು ಪೋರ್ಟಲ್ ಮೂಲಕ ಬರುವ ನೋಟಿಸುಗಳಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ನೋಂದಣಿಯ ಕಾಲದಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಮತ್ತು ಮಿಂಚಂಚೆ ವಿಳಾಸ ಮೈಸೂರಿನ ಲೆಕ್ಕಪತ್ರ ಸಲಹೆಗಾರನದಾಗಿದ್ದು, ಆತನನ್ನು ಬದಲಾಯಿಸಿದ ಮೇಲೂ ಸಂಖ್ಯೆ ಬದಲಾಗದೆ ಉಳಿದಿದ್ದರೆ ಮಾಲೀಕನಿಗೆ ನೋಟಿಸು ಬಂದ ಸುಳಿವೇ ಸಿಗುವುದಿಲ್ಲ. ಪಿಎಫ್, ಇಎಸ್‌ಐ ಮತ್ತು ವೃತ್ತಿ ತೆರಿಗೆ ಮೂರೂ ಖಾತೆಗಳಲ್ಲಿ ಯಾವ ಸಂಖ್ಯೆ, ಯಾವ ವಿಳಾಸ ದಾಖಲಾಗಿದೆಯೆಂದು ನೋಡಿ ಸರಿಪಡಿಸದೆ ಗಡುವಿನ ಪಟ್ಟಿ ಮಾಡಹೊರಟರೆ, ಪಟ್ಟಿಗೆ ಬರಬೇಕಾದ ಕಾಗದಗಳೇ ಬಾರದೆ ಉಳಿಯುತ್ತವೆ.

ಪಟ್ಟಿಗೆ ಸೇರದ ದಿನಾಂಕಗಳು

ಅಧಿಸೂಚನೆಗಳಲ್ಲಿ ಕಾಣುವ ಕೆಲವು ದಿನಾಂಕಗಳು ಗಡುವಿನಂತೆ ತೋರಿದರೂ ಗಡುವುಗಳಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕನಿಷ್ಠ ವೇತನದ ಕರಡು ಅಧಿಸೂಚನೆ ಇದಕ್ಕೆ ಒಳ್ಳೆಯ ನಿದರ್ಶನ. ಕರಡು ಎಂದರೆ ಸರ್ಕಾರವು ತನ್ನ ಪ್ರಸ್ತಾವವನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳುವ ಹಂತ. ಅದರಲ್ಲಿ ಹೇಳಿದ ಕಾಲಾವಕಾಶವು ಆಕ್ಷೇಪಣೆ ಸಲ್ಲಿಸಲು ಇರುವುದೇ ಹೊರತು ಹೊಸ ದರ ಕೊಡಲು ಅಲ್ಲ. ಕರಡನ್ನೇ ಅಂತಿಮವೆಂದು ಓದಿ ಗಾಬರಿಯಾದ ಮಾಲೀಕರೂ ಇದ್ದಾರೆ, ಅಂತಿಮ ಅಧಿಸೂಚನೆಯನ್ನೂ ಕರಡಿನಂತೆಯೇ ಬದಿಗಿಟ್ಟವರೂ ಇದ್ದಾರೆ. ಶೀರ್ಷಿಕೆಯ ಕೆಳಗಿನ ಮೊದಲ ವಾಕ್ಯದಲ್ಲಿ 'ಕರಡು', 'ಪ್ರಸ್ತಾಪಿಸಲಾಗಿದೆ', 'ಆಕ್ಷೇಪಣೆ ಅಥವಾ ಸಲಹೆ' ಎಂಬ ಪದಗಳಿವೆಯೇ ಎಂದು ನೋಡಿಕೊಂಡರೆ ಈ ಎರಡೂ ತಪ್ಪುಗಳು ತಪ್ಪುತ್ತವೆ.

ಜಾರಿಗೆ ಬರುವ ದಿನಾಂಕವೂ ಹಾಗೆಯೇ ನೇರವಾಗಿ ಗಡುವಲ್ಲ, ಆದರೆ ಅದರಿಂದ ಗಡುವೊಂದು ಹುಟ್ಟುತ್ತದೆ. ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಕರ್ನಾಟಕದಲ್ಲಿ ಪ್ರತಿವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುವ ತುಟ್ಟಿ ಭತ್ಯೆಯನ್ನು ತೆಗೆದುಕೊಂಡರೆ, ಏಪ್ರಿಲ್ 1ರಂದು ಮಾಲೀಕನು ಯಾವ ಕಾಗದವನ್ನೂ ಸಲ್ಲಿಸಬೇಕಾಗಿಲ್ಲ. ಆದರೆ ಏಪ್ರಿಲ್ ತಿಂಗಳ ಸಂಬಳವನ್ನು ಹೊಸ ದರದಲ್ಲಿ ಲೆಕ್ಕಹಾಕಿ ಮೇ 7ರೊಳಗೆ ಕೊಡಬೇಕು, ಅದರ ಮೇಲಿನ ವಂತಿಗೆಯನ್ನು ಮೇ 15ರೊಳಗೆ ಕಟ್ಟಬೇಕು. ಆದ್ದರಿಂದ ಪಟ್ಟಿಯಲ್ಲಿ ಬರೆಯಬೇಕಾದದ್ದು ಏಪ್ರಿಲ್ ಕೊನೆಯ ವಾರದಲ್ಲಿ 'ಸಂಬಳದ ಪಟ್ಟಿಯಲ್ಲಿ ದರ ಬದಲಿಸುವುದು' ಎಂಬ ಕೆಲಸವನ್ನು.

ಒಂದು ತಿಂಗಳ ಪಟ್ಟಿ

ಮೇಲೆ ಹೇಳಿದ ಗಿರಣಿಯ 2026ರ ಆಗಸ್ಟ್ ತಿಂಗಳ ಪಟ್ಟಿ ಹೀಗಿರುತ್ತದೆ. ಇದರಲ್ಲಿ ಪ್ರತಿ ಕೆಲಸಕ್ಕೂ ಎರಡು ದಿನಾಂಕಗಳಿವೆ: ಕಾನೂನು ಹೇಳುವ ಕೊನೆಯ ದಿನ ಒಂದು, ಗಿರಣಿಯು ತನಗೆ ತಾನೇ ಇಟ್ಟುಕೊಂಡ ಒಳಗಿನ ದಿನ ಇನ್ನೊಂದು. ಒಳಗಿನ ದಿನವೆಂಬುದು ಕಾನೂನಿನ ದಿನಕ್ಕಿಂತ ಎರಡು ಕೆಲಸದ ದಿನಗಳಷ್ಟು ಹಿಂದಿನದು.

| ಕೆಲಸ | ಅವಧಿ | ಎಣಿಕೆಯ ಆರಂಭ | ಕಾನೂನಿನ ದಿನ | ಒಳಗಿನ ದಿನ |
|---|---|---|---|---|
| ಸಂಬಳ ಬಟವಾಡೆ | ಜುಲೈ | ತಿಂಗಳ ಕೊನೆ | ಆಗಸ್ಟ್ 7 | ಆಗಸ್ಟ್ 5 |
| ಪಿಎಫ್ ಮತ್ತು ಇಎಸ್‌ಐ ವಂತಿಗೆ | ಜುಲೈ | ತಿಂಗಳ ಕೊನೆ | ಆಗಸ್ಟ್ 15 | ಆಗಸ್ಟ್ 13 |
| ವೃತ್ತಿ ತೆರಿಗೆ, ನಮೂನೆ 5-ಎ | ಜುಲೈ | ತಿಂಗಳ ಕೊನೆ | ಆಗಸ್ಟ್ 20 | ಆಗಸ್ಟ್ 18 |
| ನೋಟಿಸಿಗೆ ಉತ್ತರ | ಪತ್ರದಲ್ಲಿ ಹೇಳಿದ ತಿಂಗಳುಗಳು | ಆಗಸ್ಟ್ 10, ಸ್ವೀಕೃತಿ | ಆಗಸ್ಟ್ 25 | ಆಗಸ್ಟ್ 21 |

ಆಗಸ್ಟ್ 15 ಪ್ರತಿವರ್ಷವೂ ಸ್ವಾತಂತ್ರ್ಯ ದಿನ. 2026ರಲ್ಲಿ ಅದು ಶನಿವಾರ ಬಂದು ಮರುದಿನ ಭಾನುವಾರವಾಗಿರುವುದರಿಂದ, ಹಣ ವರ್ಗಾವಣೆ ಸಿಕ್ಕಿಹಾಕಿಕೊಂಡರೆ ಬ್ಯಾಂಕಿನಲ್ಲಿ ಕೇಳಲು ಸೋಮವಾರದವರೆಗೆ ಯಾರೂ ಸಿಗುವುದಿಲ್ಲ. ಅದಕ್ಕಿಂತ ಕಠಿಣವಾದದ್ದು ಸೆಪ್ಟೆಂಬರ್. ಆ ತಿಂಗಳ 12 ಎರಡನೆಯ ಶನಿವಾರ, 13 ಭಾನುವಾರ, 14 ಗಣೇಶ ಚತುರ್ಥಿ. ಮೂರು ದಿನ ಬ್ಯಾಂಕು ಮುಚ್ಚಿದ್ದು ಮಂಗಳವಾರ ತೆರೆದಾಗ ಅಂದೇ ಪಿಎಫ್‌ನ ಕೊನೆಯ ದಿನ. 15 ಕೆಲಸದ ದಿನವೇ ಆಗಿರುವುದರಿಂದ ಬರಿಯ ದಿನದರ್ಶಿ ನೋಡಿದವರಿಗೆ ಇಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಹಬ್ಬದ ಮುಂಗಡ ಕೊಟ್ಟು ಕೈ ಖಾಲಿಯಾಗಿ, ಗಿರಾಕಿಗಳ ಬಾಕಿ ಹಬ್ಬದ ನಂತರವೇ ಬರುವುದೆಂದು ಗೊತ್ತಿರುವ ಗಿರಣಿಯ ಮಾಲೀಕನಿಗೆ ಮಾತ್ರ ಅದು ಕಾಣುತ್ತದೆ. ಎರಡು ಕೆಲಸದ ದಿನ ಹಿಂದಕ್ಕೆ ಎಣಿಸಿದರೆ ಒಳಗಿನ ದಿನ ಸೆಪ್ಟೆಂಬರ್ 10, ಗುರುವಾರ ಎಂದು ಬರುತ್ತದೆ, ಅದರಿಂದ ಹಣವನ್ನು ಹಬ್ಬದ ಖರ್ಚಿಗೆ ಮೊದಲೇ ಬೇರೆ ಇಡಬೇಕೆಂಬುದು ತಿಂಗಳ ಆರಂಭದಲ್ಲೇ ಗೊತ್ತಾಗುತ್ತದೆ. ಅದೇ ತಿಂಗಳ ವೃತ್ತಿ ತೆರಿಗೆಯ 20 ಭಾನುವಾರ. ಅಕ್ಟೋಬರ್ 20 ದಸರೆಯ ದಿನಗಳಲ್ಲಿ ಬೀಳುತ್ತದೆ, ಮೈಸೂರು ಜಿಲ್ಲೆಯಲ್ಲಿ ಆ ವಾರ ಯಾವ ಕಚೇರಿಯ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ವಾಸಿ.

ಈ ಲೆಕ್ಕವನ್ನು ಗೋಡೆಯ ದಿನದರ್ಶಿಯಲ್ಲಿ ಕೆಂಪು ಶಾಯಿಯಿಂದ ಬರೆದರೂ ನಡೆಯುತ್ತದೆ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಮಾಡುವವರು ಮೊದಲನೆಯ ಅಂಕಣದಲ್ಲಿ ಸಂಬಳದ ತಿಂಗಳಿನ ಯಾವುದಾದರೊಂದು ದಿನಾಂಕವನ್ನೂ, ನಾಲ್ಕನೆಯದರಲ್ಲಿ ನೋಟಿಸು ಸ್ವೀಕರಿಸಿದ ದಿನಾಂಕವನ್ನೂ, ಐದನೆಯದರಲ್ಲಿ ಕಾನೂನಿನ ದಿನವನ್ನೂ, ಎಂಟನೆಯದರಲ್ಲಿ ವರ್ಷದ ರಜಾದಿನಗಳನ್ನೂ ಇಟ್ಟು ಈ ಸೂತ್ರಗಳನ್ನು ಬಳಸಬಹುದು.

```
=EOMONTH(A2,0)+15
=EOMONTH(A2,0)+20
=D2+15
=WORKDAY.INTL(E2,-2,11,$H$2:$H$60)
```

ಮೊದಲನೆಯದು ಪಿಎಫ್ ಮತ್ತು ಇಎಸ್‌ಐಯ ದಿನವನ್ನೂ, ಎರಡನೆಯದು ವೃತ್ತಿ ತೆರಿಗೆಯ ದಿನವನ್ನೂ, ಮೂರನೆಯದು ತಲುಪಿದ ದಿನವನ್ನು ಬಿಟ್ಟು ಹದಿನೈದನೆಯ ದಿನವನ್ನೂ ಕೊಡುತ್ತವೆ. ನಾಲ್ಕನೆಯದು ಭಾನುವಾರಗಳನ್ನೂ ಪಟ್ಟಿಯಲ್ಲಿರುವ ರಜೆಗಳನ್ನೂ ಬಿಟ್ಟು ಎರಡು ಕೆಲಸದ ದಿನ ಹಿಂದಕ್ಕೆ ಹೋಗುತ್ತದೆ. 11 ಎಂಬ ಅಂಕಿಯು ಭಾನುವಾರ ಮಾತ್ರ ವಾರದ ರಜೆಯೆಂಬುದನ್ನು ಸೂಚಿಸುವುದರಿಂದ, ಬ್ಯಾಂಕುಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನು ರಜೆಗಳ ಅಂಕಣದಲ್ಲಿ ಕೈಯಿಂದಲೇ ಸೇರಿಸಬೇಕು. ಉತ್ತರವಾಗಿ ದಿನಾಂಕದ ಬದಲು ಐದಂಕಿಯ ಸಂಖ್ಯೆ ಕಂಡರೆ ತಪ್ಪೇನೂ ಆಗಿಲ್ಲ, ಆ ಅಂಕಣವನ್ನು ದಿನಾಂಕದ ರೂಪಕ್ಕೆ ಬದಲಿಸಿದರೆ ಸಾಕು.

ತಡವಾದರೆ ತೆರಬೇಕಾದದ್ದನ್ನೂ ಒಮ್ಮೆ ಲೆಕ್ಕಹಾಕಿ ನೋಡುವುದು ಒಳಿತು. ಗಿರಣಿಯ 24 ಜನರಿಗೂ ತಿಂಗಳಿಗೆ ₹15,000ದಂತೆ ಸಂಬಳವಿದ್ದರೆ ಒಟ್ಟು ₹3,60,000. ಇದರ ಮೇಲೆ ನೌಕರರ ಪಾಲು ಶೇಕಡಾ 12, ಮಾಲೀಕನ ಪಾಲು ಶೇಕಡಾ 12, ವಿಮೆ ಮತ್ತು ಆಡಳಿತ ವೆಚ್ಚ ಸೇರಿ ಶೇಕಡಾ 1 ಎಂದು ಕೂಡಿಸಿದರೆ ತಿಂಗಳ ಪಿಎಫ್ ಚಲನ್ ₹90,000. ವರ್ಷಕ್ಕೆ ಶೇಕಡಾ 12ರ ಬಡ್ಡಿಯಂತೆ ಹತ್ತು ದಿನದ ವಿಳಂಬಕ್ಕೆ ಸುಮಾರು ₹296 ಬರುತ್ತದೆ, ಅದು ಯಾರನ್ನೂ ಹೆದರಿಸುವ ಮೊತ್ತವಲ್ಲ. ಹೆದರಬೇಕಾದದ್ದು ಬೇರೆ ಕಡೆ ಇದೆ: ಬಡ್ಡಿಯ ಮೇಲೆ ನಷ್ಟಭರ್ತಿಯ ಹೆಸರಿನಲ್ಲಿ ದಂಡವೂ ಸೇರುತ್ತದೆ, ಇವೆರಡನ್ನೂ ಕಚೇರಿಯು ತಿಂಗಳು ತಿಂಗಳು ಕೇಳದೆ ಹಲವು ವರ್ಷಗಳದ್ದನ್ನು ಒಟ್ಟಿಗೆ ಲೆಕ್ಕಹಾಕಿ ನೋಟಿಸು ಕೊಡುವುದುಂಟು, ಮತ್ತು ನೌಕರನ ಸಂಬಳದಿಂದ ಹಿಡಿದ ಪಾಲನ್ನು ಕಟ್ಟದೆ ಉಳಿಸಿಕೊಳ್ಳುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಎಣಿಸುತ್ತದೆ. ಹಾಗೆ ಒಟ್ಟು ನೋಟಿಸು ಬಂದಾಗ ಉಳಿಸುವುದು ಪ್ರತಿ ತಿಂಗಳ ಸಂಬಳದ ಪಟ್ಟಿ, ಚಲನ್ ಮತ್ತು ಪಾವತಿಯ ರಸೀದಿ ಒಂದೇ ಕಡೆ ಇರುವ ಕಡತ. ಪಟ್ಟಿಯಲ್ಲಿ 'ಮುಗಿಯಿತು' ಎಂದು ಗುರುತು ಹಾಕುವುದಕ್ಕೆ ಹಣ ಕಟ್ಟಿದ್ದೊಂದೇ ಸಾಲದು, ರಸೀದಿ ಆ ಕಡತಕ್ಕೆ ಸೇರಿರಬೇಕು.

ಸುಗ್ಗಿಯ ಕಾಲದ ತಲೆಯೆಣಿಕೆ

ಈ ತಾಲ್ಲೂಕುಗಳ ಸಂಸ್ಥೆಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತಿದೆ. ಪಿಎಫ್‌ಗೆ 20, ಇಎಸ್‌ಐಗೆ 10 ಎಂಬ ನೌಕರರ ಸಂಖ್ಯೆಯನ್ನು ಒಮ್ಮೆ ಮುಟ್ಟಿದ ಸಂಸ್ಥೆಯು, ಆಮೇಲೆ ಸಂಖ್ಯೆ ಇಳಿದರೂ ಆ ಕಾನೂನಿನ ವ್ಯಾಪ್ತಿಯಲ್ಲೇ ಉಳಿಯುತ್ತದೆ. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳು ನಡೆಯುವ ತಿಂಗಳುಗಳಲ್ಲಿ ಮೂವತ್ತು ಜನರನ್ನು ಕೂಡಿಸಿ ತಂಬಾಕು ವಿಂಗಡಿಸುವ ಷೆಡ್ಡು, ಬೇಸಿಗೆಯಲ್ಲಿ ಎಂಟೇ ಜನರೊಂದಿಗೆ ನಡೆಯುತ್ತಿದ್ದರೂ ಅದರ ಗಡುವುಗಳು ಹನ್ನೆರಡು ತಿಂಗಳಿಗೂ ಇರುತ್ತವೆ. ಗುತ್ತಿಗೆದಾರನ ಮೂಲಕ ಬಂದವರೂ ಎಣಿಕೆಗೆ ಸೇರುತ್ತಾರೆ. ಹತ್ತಿ ಜಿನ್ನಿಂಗ್, ಸಕ್ಕರೆ ಮತ್ತು ಬೆಲ್ಲದ ತಯಾರಿಕೆಯಲ್ಲಿ ಮಾತ್ರ ತೊಡಗಿರುವ ಘಟಕಗಳನ್ನು ಇಎಸ್‌ಐ ಕಾನೂನು ಋತುಮಾನದ ಕಾರ್ಖಾನೆಗಳೆಂದು ಹೊರಗಿಟ್ಟಿದೆ, ಆದರೆ ಆ ಪಟ್ಟಿಯಲ್ಲಿ ತಂಬಾಕಿನ ಹೆಸರಿಲ್ಲ. ಆಲೆಮನೆಯ ನೆರೆಯವನಿಗೆ ಇಎಸ್‌ಐ ಇಲ್ಲವೆಂಬುದನ್ನು ನೋಡಿ ತನಗೂ ಇಲ್ಲವೆಂದು ತಂಬಾಕಿನ ವ್ಯಾಪಾರಿ ತೀರ್ಮಾನಿಸುವಂತಿಲ್ಲ. ಆದ್ದರಿಂದ ಸುಗ್ಗಿ ಆರಂಭವಾಗುವ ವಾರದಲ್ಲಿ 'ತಲೆಯೆಣಿಕೆ' ಎಂಬ ಒಂದು ಸಾಲು ಪಟ್ಟಿಯಲ್ಲಿರಬೇಕು.

ವರ್ಷದ ಗಡುವುಗಳು ಮತ್ತು 2026ರ ನವೆಂಬರ್

ವರ್ಷಕ್ಕೊಮ್ಮೆ ಬರುವವುಗಳಲ್ಲಿ ಬೋನಸ್ಸನ್ನು ಸ್ವಲ್ಪ ವಿವರಿಸಬೇಕು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕಾದದ್ದರಿಂದ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಸಂಸ್ಥೆಗೆ ನವೆಂಬರ್ 30 ಕೊನೆಯ ದಿನ. ಈ ಭಾಗದಲ್ಲಿ ಆಯುಧಪೂಜೆಗೋ ದೀಪಾವಳಿಗೋ ಕೈಯಲ್ಲಿ ಹಣ ಕೊಡುವ ಪದ್ಧತಿಯಿದ್ದು, ಅದನ್ನು ಕಾನೂನಿನ ಬೋನಸ್ಸಿಗೆ ಹೊಂದಿಸಿಕೊಳ್ಳಲು ಅವಕಾಶವೂ ಇದೆ. ಆದರೆ ಹಬ್ಬದ ದಿನ ಸಹಿಯಿಲ್ಲದೆ ಲಕೋಟೆಯಲ್ಲಿ ಕೊಟ್ಟ ಹಣವನ್ನು ನವೆಂಬರ್ ಕೊನೆಯಲ್ಲಿ ಬೋನಸ್ಸೆಂದು ತೋರಿಸುವುದು ಕಷ್ಟವಾದ್ದರಿಂದ, 'ಬೋನಸ್ ವಹಿಗೆ ಸಹಿ ಪಡೆಯುವುದು' ಎಂಬ ಸಾಲನ್ನು ಪಟ್ಟಿಯಲ್ಲಿ ಆಯುಧಪೂಜೆಯ ದಿನಕ್ಕೇ ಬರೆಯಬೇಕು. ಕಾರ್ಮಿಕ ಕಲ್ಯಾಣ ನಿಧಿಗೆ ಒಳಪಡುವ ಸಂಸ್ಥೆಗಳು ವರ್ಷದ ವಂತಿಗೆಯನ್ನು ಜನವರಿ 15ರೊಳಗೆ ಕಟ್ಟಬೇಕು. ಈ ದರವು 2025ರಿಂದ ನೌಕರನಿಗೆ ₹50, ಮಾಲೀಕನಿಗೆ ₹100 ಆಗಿದ್ದು, ಹಳೆಯ ₹20 ಮತ್ತು ₹40ರ ಚಲನ್ನನ್ನೇ ನಕಲು ಮಾಡುವವರಿಗೆ ವ್ಯತ್ಯಾಸದ ನೋಟಿಸು ಬರುತ್ತದೆ.

ನಾಲ್ಕನೆಯ ಸಂಗತಿಯಾದ ಮೂಲವನ್ನು ಪಟ್ಟಿಯ ಪ್ರತಿ ಸಾಲಿನ ಕೊನೆಗೆ ಬರೆಯಬೇಕೆಂಬುದಕ್ಕೆ ಈಗ ಹಿಂದೆಂದಿಗಿಂತ ಬಲವಾದ ಕಾರಣವಿದೆ. 29 ಕೇಂದ್ರ ಕಾಯ್ದೆಗಳ ಸ್ಥಾನದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂಬ ಗಡುವು ಈಗ ವೇತನ ಸಂಹಿತೆಯದು, ಮತ್ತು ಕೆಲಸ ಬಿಟ್ಟವನಿಗೂ ಕೆಲಸದಿಂದ ತೆಗೆದವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ತೀರಿಸಬೇಕೆಂದು ಅದು ಹೇಳುವುದರಿಂದ, ರಾಜೀನಾಮೆಯ ಕಾಗದವೂ ಇನ್ನು ಮುಂದೆ ಗಡುವನ್ನು ಹುಟ್ಟಿಸುವ ಕಾಗದವೇ. ಪಿಎಫ್‌ನ ಹಳೆಯ ಯೋಜನೆಗಳನ್ನಾದರೋ ಸಾಮಾಜಿಕ ಭದ್ರತಾ ಸಂಹಿತೆಯ 164ನೇ ಪ್ರಕರಣವು, ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ, ಜಾರಿಯಾದ ದಿನದಿಂದ ಒಂದು ವರ್ಷದವರೆಗೆ ಉಳಿಸಿಕೊಂಡಿದೆ. ತಿಂಗಳ 15 ಎಂಬ ದಿನಾಂಕದ ಮುಂದೆ '1952ರ ಯೋಜನೆ' ಎಂದು ಬರೆದಿಟ್ಟ ಮಾಲೀಕನು ಆ ಒಂದು ವರ್ಷ ತುಂಬುವ 2026ರ ನವೆಂಬರ್ ಮೂರನೆಯ ವಾರದಲ್ಲಿ ಹೊಸ ಯೋಜನೆಯ ಅಧಿಸೂಚನೆಯನ್ನು ತರಿಸಿ, ತನ್ನ ಪಟ್ಟಿಯಲ್ಲಿ ಆ ಮೂಲವನ್ನು ಹೆಸರಿಸುವ ಪ್ರತಿ ಸಾಲನ್ನೂ ಅದರೊಂದಿಗೆ ಹೋಲಿಸಿ ನೋಡಬಹುದು. ಅಕ್ಟೋಬರ್ ಸಂಬಳದ ವಂತಿಗೆಗೆ ಕೊನೆಯ ದಿನವಾದ ನವೆಂಬರ್ 15 ಭಾನುವಾರವಾಗಿರುವುದರಿಂದ, ಆ ಚಲನ್ನನ್ನು ಮಾತ್ರ ಅದಕ್ಕೂ ಮೊದಲೇ ಹಳೆಯ ಲೆಕ್ಕದಂತೆ ಕಟ್ಟಿ ಮುಗಿಸಿರಬೇಕಾಗುತ್ತದೆ.